ಮ್ಯಾಲಿನ ಮನಿ ಮೀಟರು, ಕೆಳಗಿನ ಮನಿ ನೀರು

ನಮ್ಮನಿ ಮ್ಯಾಲ ಬಾಡಿಗಿಗೆ ಇರೋ ಹುಡುಗಿ ಒಂದಿನ ಮುಂಜಾನೆ ಬಂದು, "ಕಾಕೂ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ಲೇನ್ರಿ?" ಅಂದ್ಲು. ಹಿಂಗ ಶುರು ಮಾಡಿದ ಮಾತು ರೊಕ್ಕದ್ದೇ ಇರತದ ಅಂತ ನಮಗೆಲ್ಲಾ ಗೊತ್ತಿದ್ದದ್ದೇ. "ನಾವಿಬ್ಬರೇ ಇರೋದು. ಹಗಲೆಲ್ಲಾ ಇಬ್ಬರೂ ಕೆಲಸಕ್ಕ ಹೋಗ್ತೀವಿ. ನಮಗ 104 ಯುನಿಟ್ ಹೆಂಗ ಬಂತ್ರಿ?" ಅಂತ ಕೇಳಿದ್ಲು.

ಖರೇ ಹೇಳ್ತೀನಿ, ನನಗ ಸಿಟ್ಟು ಬಂತು. ಸಬ್ ಮೀಟರ್ ಹಾಕ್ಸೇವಿ, ಅದರಾಗ ಬಂದಷ್ಟು ತೊಗೋತೀವಿ, ಇದರಾಗ ಮೋಸ ಏನದ ಅಂತ. ಆದರ ಆಕಿ ಹೋದ ಮ್ಯಾಲ ನನಗ ಸಮಾಧಾನ ಆಗಲಿಲ್ಲ. ನಾನೂ ಮದುವಿಯಾದ ಹೊಸದಾಗಿ ಹನ್ನೊಂದು ವರ್ಷ ಬಾಡಿಗಿ ಮನಿಯಾಗ ಇದ್ದಾಕಿ. ಮಾಲಕರು ಹೇಳಿದ ಲೆಕ್ಕ ಬಾಯಿ ಮುಚ್ಚಿಕೊಂಡು ಕೊಟ್ಟಾಕಿ. ಸಂಜಿಮುಂದ ಆಕಿನ್ನ ಕರದು, "ಬಾರವಾ, ಇಬ್ಬರೂ ಕೂಡಿ ನೋಡೂಣು" ಅಂದೆ.

ಮೊದಲು ಮೀಟರಿನ ಅಂಕಿ ನೋಡಿದ್ವಿ. ಈಗಿನ ಮೀಟರಿನಾಗ ಅಂಕಿ ಬದಲಾಗಕೋತ ಹೋಗತಾವ. ಒಮ್ಮೆ ವೋಲ್ಟೇಜ್ ತೋರಸ್ತದ, ಒಮ್ಮೆ ಬ್ಯಾರೆ ಏನೋ ತೋರಸ್ತದ. kWh ಅಂತ ಬಂದಾಗಿನ ಅಂಕಿನೇ ನಮ್ಮ ಯುನಿಟ್ಟು. ಚುಕ್ಕಿ ಆದಮ್ಯಾಲಿನ ಅಂಕಿ, ಹಳೇ ಮೀಟರಿನಾಗ ಆದ್ರ ಕೆಂಪು ಬಣ್ಣದ ಕಡೀ ಅಂಕಿ, ಲೆಕ್ಕಕ್ಕ ಹಿಡೀಬಾರದು. ಇನ್ನೊಂದು ಮಾತು, ದೊಡ್ಡ ಮೀಟರಿನ ರೀಡಿಂಗ್ ತೊಗೊಳೋ ದಿನಾನೇ ಸಬ್ ಮೀಟರಿಂದೂ ಬರಕೋಬೇಕು. ನಾನು ನೆನಪಾದಾಗ, ಒಮ್ಮೆ 3ನೇ ತಾರೀಖು, ಒಮ್ಮೆ 9ನೇ ತಾರೀಖು ಬರಕೋತಿದ್ದೆ. ಹಂಗಾದ್ರ ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮಿ ಕಾಣತದ, ಸುಮ್ಮನ ಜಗಳ ಹುಟ್ಟತದ. ಆದರ ನಮ್ಮ 104 ಆ ತಪ್ಪಿನಿಂದ ಬಂದದ್ದಲ್ಲ. ಎರಡು ಮೂರು ತಿಂಗಳಿಂದ ಅಷ್ಟೇ ಬರ್ತಿತ್ತು.

ಆಮ್ಯಾಲ ಆಕಿ ಮನಿಯಾಗಿನ ಎಲ್ಲಾ ಸ್ವಿಚ್ಚು ಆರಿಸಿದ್ವಿ. ಫ್ರಿಜ್ಜಿನ ಪ್ಲಗ್ಗೂ ಕಿತ್ತಿದ್ವಿ, ವೈಫೈ ಡಬ್ಬಿದೂ ಕಿತ್ತಿದ್ವಿ. ಮೀಟರಿನ ಮ್ಯಾಲ ಒಂದು ಸಣ್ಣ ಕೆಂಪು ದೀಪ ಇರತದಲ್ಲಾ, ಕರೆಂಟು ಉರದ್ಹಂಗ ಅದು ಮಿಣಕ್ ಮಿಣಕ್ ಅಂತದ. ಮನಿಯಾಗ ಏನೂ ಹಚ್ಚಿಲ್ಲಂದ್ರ ಅದೂ ಮಿಣಕಬಾರದು. ಐದು ನಿಮಿಷ ನಿಂತು ನೋಡಿದ್ವಿ, ಮಿಣಕಲಿಲ್ಲ. "ನೋಡವಾ, ಎಲ್ಲಾ ಸರಿ ಅದ" ಅಂದೆ. ಅಷ್ಟರಾಗ ನಮ್ಮನಿಯವರು ಕೆಳಗ ನೀರಿನ ಪಂಪ್ ಹಚ್ಚಿದ್ರು. ಮ್ಯಾಲಿನ ಮೀಟರಿನ ದೀಪ ಪಟಪಟ ಮಿಣಕಾಕ ಹತ್ತಿತು!

ಆಗ ನೆನಪಾತು. ಗಣಪತಿ ಹಬ್ಬ ಆದಮ್ಯಾಲ ಪಂಪ್ ಸುಟ್ಟಿತ್ತು. ಹೊಸಾದು ಕೂಡ್ರಿಸಿದ ವೈರಮನ್, ಪಂಪಿನ ಸ್ವಿಚ್ಚು ಪಾವಟಿಗಿ ಹತ್ರ ಬೇಕು ಅಂತ ನಾವು ಹೇಳಿದ್ದಕ್ಕ, ಹತ್ರ ಸಿಕ್ಕ ಮ್ಯಾಲಿನ ಮನಿ ಬೋರ್ಡಿನಿಂದ ವೈರ್ ಎಳದು ಹೋಗಿದ್ದ. ಆವತ್ತಿನಿಂದ ಆರು ತಿಂಗಳು ಎರಡೂ ಮನಿ ನೀರು ಏರಸೋ ಕರೆಂಟಿನ ರೊಕ್ಕ ಆ ಹುಡುಗಿನೇ ಕೊಟ್ಟಿದ್ಲು. ನಮ್ಮದು ಒಂದು ಎಚ್‌ಪಿ ಪಂಪು. ಅಂಥಾದ್ದು ಒಂದು ತಾಸು ನಡದ್ರ ಹತ್ರ ಹತ್ರ ಒಂದು ಯುನಿಟ್ ಆಗತದ. ನಾವು ದಿನಾ 40 ನಿಮಿಷ ಹಚ್ಚತೀವಿ, ಅಂದ್ರ ತಿಂಗಳಿಗೆ 20 ಯುನಿಟ್. ಇದರಾಗ ಯಾರೂ ಬೇಕಂತ ಮೋಸ ಮಾಡಿದ್ದಲ್ಲ. ಆದರ ಆಕಿ ಬಾಯಿ ಬಿಟ್ಟು ಕೇಳದಿದ್ರ ಇನ್ನೂ ಎಷ್ಟು ವರ್ಷ ನಡೀತಿತ್ತೋ.

ಅಷ್ಟು ನೋಡಿದ ಮ್ಯಾಲ ನಾನು ನನ್ನ ದರಾನೂ ನೋಡಿಕೊಂಡೆ. ನಾವು ಯುನಿಟ್ಟಿಗೆ 10 ರೂಪಾಯಿ ತೊಗೋತಿದ್ವಿ. ಯಾಕ 10 ಅಂದ್ರ, ಓಣ್ಯಾಗ ಎಲ್ಲಾರೂ 10 ತೊಗೋತಾರ, ಲೆಕ್ಕಕ್ಕ ಸುಲಭ ಅಂತ. ಖರೇ ದರ ಎಷ್ಟು ಅಂತ ಒಂದಿನಾನೂ ನೋಡಿದ್ದಿಲ್ಲ.

ಆ ತಿಂಗಳ ದೊಡ್ಡ ಬಿಲ್ಲು ತೊಗೊಂಡು ಕೂತೆ. ಎರಡೂ ಮನಿ ಕೂಡಿ 238 ಯುನಿಟ್. 2025ರ ಏಪ್ರಿಲ್‌ನಿಂದ ನಮ್ಮ ರಾಜ್ಯದಾಗ ಮನಿ ಕರೆಂಟಿಗೆ ಯುನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು, ಅಂದ್ರ 1,380 ರೂಪಾಯಿ ಚಿಲ್ಲರೆ. ನಿಗದಿತ ಶುಲ್ಕ ಅಂತ ಆಗ ಕಿಲೋವ್ಯಾಟಿಗೆ 145 ಇತ್ತು. ನಮ್ಮ ಮನಿ ಮಂಜೂರಾತಿ 3 ಕಿಲೋವ್ಯಾಟ್, ಅದಕ್ಕ 435. ಆಗ ಯುನಿಟ್ಟಿಗೆ 36 ಪೈಸೆ ಪಿಂಚಣಿ ಸರ್‌ಚಾರ್ಜ್ ಇತ್ತು, ಸುಮಾರು 86. ಕರೆಂಟಿನ ರೊಕ್ಕದ ಮ್ಯಾಲ 9 ಪರ್ಸೆಂಟ್ ತೆರಿಗಿ, 124. ಎಲ್ಲಾ ಕೂಡಿ 2,025 ರೂಪಾಯಿ. ಇಂಧನ ಹೊಂದಾಣಿಕೆ ಅಂತ ತಿಂಗಳಾ ಬದಲಾಗೋ ಒಂದು ಸಾಲು ಇರತದ, ಅದನ್ನ ನಾ ಇಲ್ಲಿ ಬಿಟ್ಟೇನಿ, ನಿಮ್ಮ ಬಿಲ್ಲಿನಾಗ ಇದ್ರ ಕೂಡಸ್ರಿ ಇಲ್ಲಾ ಕಳೀರಿ.

ಇಷ್ಟೆಲ್ಲಾ ಸಾಲು ಬಿಡಿಸೋದು ಬ್ಯಾಸರಾದ್ರ ಒಂದೇ ಭಾಗಾಕಾರ ಸಾಕು. ಬಿಲ್ಲಿನ ಆ ತಿಂಗಳ ಒಟ್ಟು ರೊಕ್ಕಕ್ಕ ಒಟ್ಟು ಯುನಿಟ್ಟಿನಿಂದ ಭಾಗಾ ಹಾಕ್ರಿ. ಹಳೇ ಬಾಕಿ, ದಂಡ ಇದ್ರ ಅದನ್ನ ಮೊದಲು ತಗೀಬೇಕು, ಮಾಲಕರು ತಡಾ ಮಾಡಿ ತುಂಬಿದ್ದಕ್ಕ ಬಾಡಿಗಿಯವರು ಯಾಕ ಕೊಡಬೇಕು? ನಮ್ಮ ಲೆಕ್ಕದಾಗ 2,025 ಭಾಗಿಸು 238, ಅಂದ್ರ ಯುನಿಟ್ಟಿಗೆ 8 ರೂಪಾಯಿ 51 ಪೈಸೆ.

ಈಗ ಆ ಹುಡುಗಿ ಲೆಕ್ಕ ನೋಡ್ರಿ. ನಾ ಆಕಿ ಕಡೆ ತೊಗೊಂಡದ್ದು 104 ಯುನಿಟ್ಟಿಗೆ 1,040 ರೂಪಾಯಿ. ಪಂಪಿನ 20 ಯುನಿಟ್ ತಗದ್ರ ಆಕಿ ಸ್ವಂತ ಉರಸಿದ್ದು 84. ನೀರು ಇಬ್ಬರಿಗೂ ಬೇಕು, ಅದರ ಅರ್ಧಾ 10 ಯುನಿಟ್ ಕೂಡಿಸಿದ್ರ 94. 94 ಗುಣಿಸು 8.51, ಅಂದ್ರ 800 ರೂಪಾಯಿ. ತಿಂಗಳಿಗೆ 240 ಜಾಸ್ತಿ ತೊಗೊಂಡಿದ್ದೆ. ಆರು ತಿಂಗಳಿಗೆ 1,440. ನಮ್ಮನಿಯವರು "ಮುಂದಿನ ತಿಂಗಳಿಂದ ಸರಿ ಮಾಡೂಣು ಬಿಡು" ಅಂದ್ರು. ನಾ ಒಪ್ಪಲಿಲ್ಲ. ಆ ತಿಂಗಳ ಬಾಡಿಗಿಯಾಗ ಅಷ್ಟೂ ರೊಕ್ಕ ಮುರಕೊಂಡು ಕೊಡು ಅಂತ ಆಕಿಗೆ ಹೇಳಿದೆ. ವೈರಮನ್‌ನ ಕರಸಿ ಪಂಪಿನ ವೈರ್ ನಮ್ಮ ಕಡೆ ಹಾಕ್ಸಿದೆ. ಈಗ ಆಕಿ 10 ಯುನಿಟ್ಟಿನ ರೊಕ್ಕ ನಮಗ ಕೂಡಿಸಿ ಕೊಡತಾಳ.

ಮೀಟರೇ ಜೋರು ಓಡತದ ಅಂತ ಸಂಶಯ ಇದ್ದವರು ಇದೊಂದು ಮಾಡಿ ನೋಡ್ರಿ. ಎಲ್ಲಾ ಆರಿಸಿ, ಪ್ಲಾಸ್ಟಿಕ್ ಬಕೀಟಿನ ತುಂಬ ನೀರಿಟ್ಟು, 1500 ವ್ಯಾಟಿನ ಕಾಯಿಸೋ ರಾಡು ಒಂದೇ ಹಚ್ಚರಿ. 20 ನಿಮಿಷಕ್ಕ ಅರ್ಧಾ ಯುನಿಟ್ ಆಗಬೇಕು, ಚುಕ್ಕಿ ಆದಮ್ಯಾಲಿನ ಅಂಕಿ ಈಗ ಉಪಯೋಗಕ್ಕ ಬರತದ. ರಾಡು ಹಚ್ಚಿದಾಗ ನೀರಿಗೆ ಕೈ ಹಾಕಬ್ಯಾಡ್ರಿ, ಹುಡುಗರನ್ನ ದೂರ ಇಡ್ರಿ. ಗೀಜರ್, ಇಸ್ತ್ರಿ ಇದಕ್ಕ ಬರೂದಿಲ್ಲ, ಅವು ಕಾದ ಮ್ಯಾಲ ತಾವೇ ಬಂದ್ ಆಗತಾವ. ವೋಲ್ಟೇಜ್ ಕಡಿಮಿ ಇದ್ರ ಅರ್ಧಾಕ್ಕಿಂತ ಸ್ವಲ್ಪ ಕಡಿಮಿ ಬರಬಹುದು, ಅದು ತಪ್ಪಲ್ಲ. ಆದರ ಮುಕ್ಕಾಲು ಯುನಿಟ್ ತೋರಿಸಿದ್ರ ಆ ಮೀಟರು ಬದಲೀ ಮಾಡೋದೇ ಸರಿ. ಸಬ್ ಮೀಟರು ನಾವು ಅಂಗಡಿಯಿಂದ ತಂದು ಹಾಕಿಸಿದ್ದು, ಕರೆಂಟ್ ಕಂಪನಿದಲ್ಲ. ಅದನ್ನ ಸರಿ ಇಡೋ ಜವಾಬ್ದಾರಿ ಮಾಲಕರದೇ ಅಂತ ನನ್ನ ಅಭಿಪ್ರಾಯ.

ನೀರಿಂದು ಬ್ಯಾರೆ ಲೆಕ್ಕ. ಬಿಲ್ಲು ಮಾಲಕರ ಹೆಸರಿಗೆ ಬರತದ, ಬಾಕಿ ಉಳದ್ರ ಕೇಳೋದು ಅವರನ್ನೇ. ಅದಕ್ಕ ಆಫೀಸಿಗೆ ತುಂಬೋದು ನಾವೇ ಮಾಡತೀವಿ. ಆದರ ಹಂಚೋದು ಮನಿ ಲೆಕ್ಕದಾಗ ಅಲ್ಲ, ಮಂದಿ ಲೆಕ್ಕದಾಗ ಆಗಬೇಕು. ನಾವು ನಾಲ್ಕು ಮಂದಿ, ಅವರು ಇಬ್ಬರು. ಅರ್ಧಾ ಅರ್ಧಾ ಅಂದ್ರ ಅವರಿಗೆ ಅನ್ಯಾಯ. ಆರು ಪಾಲು ಮಾಡಿ ಎರಡು ಪಾಲು ಅವರದು. (ಪಂಪಿಂದು ಅರ್ಧಾ ಮಾಡೇನಲ್ಲಾ ಅಂತ ನೀವು ಕೇಳಬಹುದು. ಇದನ್ನ ಬರೆಯೋವಾಗಲೇ ಹೊಳೀತು, ಅದನ್ನೂ ಮಂದಿ ಲೆಕ್ಕಕ್ಕ ತರತೀನಿ.)

ಗ್ಯಾಸ್ ಎಲ್ಲಾಕ್ಕಿಂತ ಸುಲಭ. ಉರಸಿದವರು ಕೊಡೋದು, ಬಾಡಿಗಿಯವರ ಹೆಸರಿನಾಗೇ ಕನೆಕ್ಷನ್ ಇರೋದು. ಪೈಪಿನ ಗ್ಯಾಸ್ ಇದ್ರ ಮನಿ ಹಿಡಿಯೋ ದಿನ ಮೀಟರಿನ ಫೋಟೋ ತಗೀರಿ, ಇಲ್ಲಾಂದ್ರ ಹಿಂದಿನವರು ಉರಸಿದ್ದು ನಿಮ್ಮ ತಲಿ ಮ್ಯಾಲ ಬರತದ. ಕರೆಂಟಿನ ಸಬ್ ಮೀಟರಿಗೂ ಇದೇ ಮಾತು.

ಇನ್ನು ನನ್ನ ಕಡೀ ಮಾತು, ಮಾಲಕರಿಗೆ. ಕೈಲಾದ್ರ ಸಬ್ ಮೀಟರ್ ಬಿಟ್ಟು ಬಾಡಿಗಿ ಮನಿಗೆ ಕಂಪನಿದೇ ಬ್ಯಾರೆ ಮೀಟರ್ ಹಾಕ್ಸಿ ಕೊಡ್ರಿ. ಗೃಹಜ್ಯೋತಿಯಾಗ ಒಂದು ಮೀಟರಿನ ಯುನಿಟ್ 200 ದಾಟಿದ್ರ ಪೂರ್ತಿ ಬಿಲ್ಲು ಕೊಡಬೇಕು. ನಮ್ಮದು ಎರಡು ಮನಿ ಒಂದೇ ಮೀಟರಿನಾಗ ಸೇರಿ 238 ಆಗಿ, ಇಬ್ಬರಿಗೂ ಏನೂ ಸಿಗಲಿಲ್ಲ. ಬ್ಯಾರೆ ಬ್ಯಾರೆ ಮೀಟರ್ ಇದ್ದಿದ್ರ ಇಬ್ಬರೂ 200ರ ಒಳಗೇ ಇರತಿದ್ವಿ. ಬಾಡಿಗಿಯವರೂ ಬಾಡಿಗಿ ಕರಾರು ಪತ್ರ ತೋರಿಸಿ, ತಮ್ಮ ಆಧಾರ್ ಆ ಮೀಟರಿಗೆ ಜೋಡಿಸಬಹುದು. ಮನಿ ಬಿಡೋವಾಗ ತಗಸಬೇಕು, ಇಲ್ಲಾಂದ್ರ ಮುಂದಿನ ಮನಿಯಾಗ ಅಡ್ಡ ಬರತದ. ನಾವು ಈಗ ಅರ್ಜಿ ಕೊಡಾಕ ಕಾಗದಪತ್ರ ಕೂಡಸಾಕ ಹತ್ತೇವಿ.

ಅಲ್ಲೀತನಕ ತಿಂಗಳಾ ಬಿಲ್ಲಿನ ಫೋಟೋ, ಎರಡೂ ಮೀಟರಿನ ಫೋಟೋ ಆಕಿ ವಾಟ್ಸಾಪಿಗೆ ಹಾಕತೀನಿ. ಲೆಕ್ಕ ಆಕಿನೇ ಮಾಡತಾಳ, ನಾ ನೋಡಿ ಹೂಂ ಅಂತೀನಿ. ನಮ್ಮ ಓಣ್ಯಾಗ ಒಬ್ಬ ವೈನಿ "ಬಾಡಿಗಿಯವರಿಗೆ ಬಿಲ್ಲು ತೋರಿಸಿದ್ರ ತಲಿ ಮ್ಯಾಲ ಕೂಡತಾರ" ಅಂದ್ರು. ಇಲ್ರೀ ವೈನಿ, ನಮ್ಮಾಕಿ ಯಾರ ತಲಿ ಮ್ಯಾಲೂ ಕೂತಿಲ್ಲ. ಮೊನ್ನೆ ಪಂಪ್ ಬಂದ್ ಮಾಡೋದು ನಾ ಮರತಾಗ ಆಕಿನೇ ಓಡಿ ಬಂದು ಬಂದ್ ಮಾಡಿದ್ಲು.