ಷರತ್ತು ಕನ್ನಡದಲ್ಲಿರಲಿ

ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕನ್ನಡ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗದಗ-ಬೆಟಗೇರಿಗೆ ಪಿಯು ವಿಜ್ಞಾನ ಓದಲು ಬರುವ ಮಕ್ಕಳ ನೋಟ್ಸ್ ತೆರೆದು ನೋಡಿ. ಕೆಲವರದರಲ್ಲಿ ಬೋರ್ಡಿನ ಇಂಗ್ಲಿಷ್ ಹಾಗೇ ಇಳಿದಿರುತ್ತದೆ. ಉಳಿದವರದರಲ್ಲಿ ‘ವೋಲ್ಟೇಜ್ ಇನ್‌ಕ್ರೀಸ್ ಆದ್ರ ಕರೆಂಟ್ ಇನ್‌ಕ್ರೀಸ್ ಆಗ್ತದ’ ಎಂಬಂಥ ಸಾಲುಗಳು. ಇದನ್ನೇ ನಾವು ದ್ವಿಭಾಷಾ ನೋಟ್ಸ್ ಎಂದು ಮೆಚ್ಚಿಕೊಳ್ಳುತ್ತೇವೆ. ನನ್ನ ತಕರಾರು ಇದರ ಮೇಲೇ.

ಆ ಸಾಲು ಓಮ್‌ನ ನಿಯಮದ್ದು. ಕರೆಂಟ್ ಎಷ್ಟು ಹೆಚ್ಚುತ್ತದೆ, ಯಾವಾಗ ಹೆಚ್ಚುತ್ತದೆ ಎಂಬುದು ಅದರಲ್ಲಿಲ್ಲ. ಉಪನ್ಯಾಸಕರು ವಾಕ್ಯದ ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದ ಷರತ್ತು ಬಿಟ್ಟೇಹೋಗಿದೆ. ಹೀಗೆ ಬರೆದಿದ್ದರೆ ಸರಿಹೋಗುತ್ತಿತ್ತು: ‘ತಂತಿಯ ಟೆಂಪರೇಚರ್ ಬದಲಾಗದೆ ಇದ್ದರೆ ಮಾತ್ರ, ಪೊಟೆನ್ಶಿಯಲ್ ಡಿಫರೆನ್ಸ್ ಎಷ್ಟು ಪಟ್ಟಾಗುತ್ತದೋ ಕರೆಂಟೂ ಅಷ್ಟೇ ಪಟ್ಟಾಗುತ್ತದೆ.’ ಕೆಳಗೆ ಒಂದು ಲೆಕ್ಕ: 2 ವೋಲ್ಟಿಗೆ 0.4 ಆಂಪಿಯರ್ ಹರಿದರೆ V = IR ಪ್ರಕಾರ ರೆಸಿಸ್ಟೆನ್ಸ್ 5 ಓಮ್; 4 ವೋಲ್ಟಿಗೆ 0.8 ಆಂಪಿಯರ್. ಈಗ ತಂತಿಯ ಜಾಗದಲ್ಲಿ ಹಳೆಯ ಫಿಲಮೆಂಟ್ ಬಲ್ಬನ್ನು ಇಡಿ. ವೋಲ್ಟೇಜ್ ಏರಿಸಿದಂತೆ ಫಿಲಮೆಂಟ್ ಕಾಯುತ್ತದೆ, ರೆಸಿಸ್ಟೆನ್ಸ್ ಹೆಚ್ಚುತ್ತದೆ, ಕರೆಂಟ್ ಎರಡು ಪಟ್ಟು ಮುಟ್ಟುವುದಿಲ್ಲ. ‘ಯಾಕೆ?’ ಎಂಬ ಪ್ರಶ್ನೆಗೆ ಮೊದಲಿನ ನೋಟ್ಸ್ ಬರೆದವರು ಸುಮ್ಮನಾಗುತ್ತಾರೆ. ನೋಟ್ಸ್ ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ಇಂಥದೊಂದು ಪ್ರಶ್ನೆ ಸಾಕು.

ಅಂದರೆ ಇಂಗ್ಲಿಷಿನಲ್ಲಿ ಉಳಿಯಬೇಕಾದದ್ದು ಹೆಸರುಗಳಷ್ಟೇ. ಆದರೆ, ಇದ್ದರೆ, ಮಾತ್ರ, ಹೊರತು, ಆದ್ದರಿಂದ ಇವೆಲ್ಲ ಕನ್ನಡಕ್ಕೆ ಬರಬೇಕು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ, ಸ್ಪೆಲಿಂಗ್ ಸಮೇತ ಬರೆದುಕೊಳ್ಳುವುದು ಒಳ್ಳೆಯದು. ಹತ್ತನೆಯ ತರಗತಿಯಲ್ಲಿ ಕಲಿತ ವಿಭವಾಂತರ, ವಿದ್ಯುತ್ ಪ್ರವಾಹ, ರೋಧಗಳನ್ನು ಮೊದಲ ಸಲ ಬಂದಲ್ಲಿ ಪಕ್ಕಕ್ಕೆ ಹಾಕಿದರೆ ಹಳೆಯ ಓದು ಕೈಬಿಡುವುದಿಲ್ಲ. ಆಮೇಲೆ ಅವು ಬೇಡ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತಿದೆ ನಿಜ, ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ನಿಯಮ ಅಲ್ಲಿದೆ; ಆದ್ದರಿಂದ ಇಂಗ್ಲಿಷ್ ಹೆಸರೇ ರೂಢಿಯಾಗಬೇಕು.

ಕ್ಲಾಸಿನಲ್ಲೇ ಅನುವಾದಿಸಲು ಕೂತರೆ ಮುಂದಿನ ಮಾತು ತಪ್ಪಿಹೋಗುತ್ತದೆ. ಅಲ್ಲಿ ಹೆಸರು, ಸೂತ್ರ, ಚಿತ್ರ ಇಷ್ಟನ್ನೇ ಎಡಬದಿಗೆ ಬರೆದು ಬಲಬದಿ ಖಾಲಿ ಬಿಡಬೇಕು. ಊರಿಗೆ ಹೋಗುವ ಬಸ್ಸಿನಲ್ಲಿ ಪಾಠವನ್ನು ನೆನೆದುಕೊಂಡು, ಅದೇ ದಿನ ರಾತ್ರಿ ಕನ್ನಡ ತುಂಬಬೇಕು. ಮೂರು ದಿನ ಬಿಟ್ಟರೆ ಷರತ್ತು ಮರೆತಿರುತ್ತದೆ.

ಇದಕ್ಕೂ ಒಂದು ಮಿತಿಯಿದೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರಿಸುವವರಿಗೆ ಕನ್ನಡ ವಿವರಣೆಯೊಂದೇ ಸಾಲದು. ನಿಯಮದ ಒಂದು ಪೂರ್ಣ ಇಂಗ್ಲಿಷ್ ವಾಕ್ಯ ಪಕ್ಕದಲ್ಲೇ ಇರಬೇಕು, ಅದನ್ನು ನೋಡದೆ ಬರೆದು ಅಭ್ಯಾಸ ಮಾಡಬೇಕು.

ಗದುಗಿನ ಉಪನ್ಯಾಸಕರಲ್ಲಿ ಒಂದೇ ಕೋರಿಕೆ: ನಿಯಮ ಹೇಳಿದ ಮೇಲೆ ಅದರ ಷರತ್ತನ್ನು ಯಾರಾದರೊಬ್ಬ ವಿದ್ಯಾರ್ಥಿಯಿಂದ ಕನ್ನಡದಲ್ಲಿ ಹೇಳಿಸಿ, ಆಮೇಲೆ ಬೋರ್ಡ್ ಒರೆಸಿ.