ಎಣಿಸುವ ಮೊದಲು ಮಡಚಿ ನೋಡಿ

ರಜೆಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ತನ್ನ ಬಿಎಸ್ಸಿ ಉತ್ತರ ಪತ್ರಿಕೆ ಹಿಡಿದು ಮನೆಗೆ ಬಂದಳು. "ಮಾಷ್ಟ್ರೇ, ಮೆಟಾ ಕ್ಸೈಲೀನಿಗೆ ಪ್ರೋಟಾನ್ ಎನ್.ಎಂ.ಆರ್.ನಲ್ಲಿ ಎಷ್ಟು ಸಿಗ್ನಲ್ ಅಂತ ಕೇಳಿದ್ದರು. CH3 ಒಂದು ಬಗೆ, ಉಂಗುರದ CH ಇನ್ನೊಂದು ಬಗೆ, ಒಟ್ಟು ಎರಡು ಅಂತ ಬರೆದೆ. ಸೊನ್ನೆ ಕೊಟ್ಟಿದ್ದಾರೆ."

ತಪ್ಪು ಅವಳದಲ್ಲ, ನಾವು ಹೇಳಿಕೊಡುವ ಸುಲಭೋಪಾಯದ್ದು ಎಂದೇ ನನ್ನ ಅಭಿಪ್ರಾಯ. ಗುಂಪುಗಳ ಹೆಸರು ಎಣಿಸಿದರೆ ಮೂರು ಕ್ಸೈಲೀನ್‌ಗಳಿಗೂ ಉತ್ತರ ಎರಡೇ ಬರುತ್ತದೆ. ಆದರೆ ಸಿಗ್ನಲ್ಲಿನ ಜಾಗವನ್ನು ನಿರ್ಧರಿಸುವುದು ಹೆಸರಲ್ಲ, ಪರಮಾಣುವಿನ ಸುತ್ತಲಿನ ಪರಿಸರ. ಯಾವ ಯಾವ ಪರಮಾಣುಗಳ ಪರಿಸರ ಒಂದೇ ಎಂಬುದನ್ನು ಅಣುವಿನ ಸಮಮಿತಿ ಹೇಳುತ್ತದೆ.

ಹಾಗಾಗಿ ಅವಳಿಗೆ ಕಾಗದ ಮಡಚಲು ಹೇಳಿದೆ. ಮೊದಲು ಉಂಗುರದೊಳಗೆ ಎರಡೆರಡು ಗೆರೆಗಳ ಬದಲು ಒಂದು ವೃತ್ತ ಬರೆಯಬೇಕು. ಇಲ್ಲದಿದ್ದರೆ ಮೆಟಾದಲ್ಲಿ ದ್ವಿಬಂಧಗಳು ಮಡಿಕೆಗೆ ಹೊಂದದೆ, ಸಮಮಿತಿಯೇ ಇಲ್ಲವೆಂದು ತೋರುತ್ತದೆ. 1 ಮತ್ತು 3ನೇ ಕಾರ್ಬನ್‌ಗಳಲ್ಲಿ CH3 ಇಟ್ಟು, 2 ಮತ್ತು 5ರ ಮೂಲಕ ಮಡಚಿದೆವು. 1ರ ಮೇಲೆ 3, 6ರ ಮೇಲೆ 4 ಕೂತವು. 2 ಮತ್ತು 5 ಮಡಿಕೆಯ ಮೇಲೆಯೇ ಇರುವುದರಿಂದ ಒಂಟಿ. CH3ಗಳು ಒಂದು ಜೋಡಿ. ಕಾರ್ಬನ್ ಸಿಗ್ನಲ್ 5. ಪ್ರೋಟಾನ್‌ಗೆ 1 ಮತ್ತು 3ರಲ್ಲಿ ಹೈಡ್ರೋಜನ್ ಇಲ್ಲ, ಆದ್ದರಿಂದ 4.

ಆರ್ಥೋವನ್ನು ಎರಡು CH3ಗಳ ನಡುವೆ ಮಡಚಿದರೆ ಎಲ್ಲವೂ ಜೋಡಿಯಾಗಿ ಕಾರ್ಬನ್ 4, ಪ್ರೋಟಾನ್ 3. ಪ್ಯಾರಾ ಉದ್ದಕ್ಕೂ ಅಡ್ಡಕ್ಕೂ ಮಡಚುತ್ತದೆ. ಅಲ್ಲಿ ಕಾರ್ಬನ್ 3, ಪ್ರೋಟಾನ್ 2. ಅವಳ ಉತ್ತರ ಪ್ಯಾರಾಕ್ಕೆ ಮಾತ್ರ ಸರಿ!

ಇದು ಬರಿಯ ಅಂಕದ ಪ್ರಶ್ನೆಯಲ್ಲ. ಚೀಟಿ ಬಿದ್ದುಹೋದ ಬಾಟಲಿಯಲ್ಲಿರುವುದು ಮೆಟಾವೋ ಪ್ಯಾರಾವೋ? ಒಂದು ಕುದಿಯುವುದು ಸುಮಾರು 139 ಡಿಗ್ರಿಯಲ್ಲಿ, ಇನ್ನೊಂದು 138ರಲ್ಲಿ. ಥರ್ಮಾಮೀಟರ್ ನಂಬಿ ಹೇಳಲಾಗದು. ಕಾರ್ಬನ್ ಸಿಗ್ನಲ್ 5 ಇದೆಯೋ 3 ಇದೆಯೋ ನೋಡಿದರೆ ಅನುಮಾನವೇ ಇಲ್ಲ.

ಎರಡು ಎಚ್ಚರಿಕೆ. ಮಡಚಿ ಸಿಕ್ಕಿದ್ದು ನಿರೀಕ್ಷಿತ ಸಂಖ್ಯೆ ಮಾತ್ರ. ಆರ್ಥೋದ ಉಂಗುರದ ಎರಡು ಬಗೆಯ ಪ್ರೋಟಾನ್‌ಗಳು 7.1 ಪಿಪಿಎಂ ಹತ್ತಿರ ಒಂದರ ಮೇಲೊಂದು ಬಿದ್ದು ಒಂದೇ ಎಂಬಂತೆ ಕಾಣುತ್ತವೆ. ಕಾರ್ಬನ್ ಸಿಗ್ನಲ್‌ಗಳು ಸುಮಾರು 200 ಪಿಪಿಎಂವರೆಗೆ ಹರಡಿರುವುದರಿಂದ ಎಣಿಕೆಗೆ ಅವೇ ಹೆಚ್ಚು ನಂಬಿಕಸ್ತ. ಇನ್ನೊಂದು, ಕಾಗದ ಚಪ್ಪಟೆ, ಅಣುವೆಲ್ಲ ಹಾಗಲ್ಲ. 2-ಬ್ಯೂಟನಾಲ್‌ನಲ್ಲಿ ನಾಲ್ಕು ಬೇರೆ ಬೇರೆ ಗುಂಪು ಹೊತ್ತ ಕಾರ್ಬನ್ ಪಕ್ಕದಲ್ಲೇ ಇರುವುದರಿಂದ ಒಂದೇ CH2ನ ಎರಡು ಹೈಡ್ರೋಜನ್‌ಗಳೂ ಬೇರೆ ಬೇರೆ. ಅಲ್ಲಿ ಕಡ್ಡಿ-ಉಂಡೆಯ ಮಾದರಿಯನ್ನೇ ಮಾಡಿ ನೋಡಬೇಕು.

ಹೊರಡುವಾಗ ಅವಳು ಕೇಳಿದಳು: "ಇಷ್ಟನ್ನು ಮೊದಲೇ ಯಾಕೆ ಹೇಳಲಿಲ್ಲ ಮಾಷ್ಟ್ರೇ?" ಕಾಗದ ಮಡಚುವುದನ್ನು ಆರನೇ ಕ್ಲಾಸಿನ ಸಮಮಿತಿ ಪಾಠದಲ್ಲಿ ಮಾಡಿಸಿದ್ದೆವು. ಅದೇ ಇಲ್ಲಿಗೂ ಬೇಕೆಂದು ಹೇಳಲು ಮರೆತವರು ನಾವೇ.