ಗೊಂಬೆ ಇಲ್ಲದ ಕ್ಲಾಸು

ಹೋದ ಶನಿವಾರ ಹೆಂಡತಿ ಜೊತೆ ಒಂದು ಕ್ಲಾಸಿಗೆ ಹೋಗಿದ್ದೆ. ಅವಳಿಗೀಗ ಏಳು ತಿಂಗಳು. ನಾವು ತೋರಿಸುವ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಎದೆಹಾಲಿನ ಬಗ್ಗೆ ಒಂದು ಗಂಟೆಯ ಕೌನ್ಸೆಲಿಂಗ್ ಇಟ್ಟಿದ್ದರು. ಸುಮಾರು 30 ಜನ, ಒಂದು ಪ್ರೊಜೆಕ್ಟರ್. 50 ನಿಮಿಷ ಎದೆಹಾಲು ಎಷ್ಟು ಒಳ್ಳೆಯದು ಅಂತ ಸ್ಲೈಡ್ ಮೇಲೆ ಸ್ಲೈಡು. ಮಗುವನ್ನ ಹಿಡಿಯೋದು ಹೇಗೆ ಅನ್ನೋದಕ್ಕೆ ಕೊನೆಯಲ್ಲಿ ನಾಲ್ಕು ಚಿತ್ರ, ಅಷ್ಟೇ. ಅದೂ ಊಟದ ಹೊತ್ತಾಯ್ತು ಅಂತ ಸರಸರನೆ ಓಡಿಸಿದರು.

ಎದೆಹಾಲು ಒಳ್ಳೆಯದು ಅಂತ ಗೊತ್ತಿಲ್ಲದವರು ಆ ಹಾಲ್‌ನಲ್ಲಿ ಒಬ್ಬರೂ ಇರಲಿಲ್ಲ ಬಿಡಿ. ಗೊತ್ತಿಲ್ಲದೇ ಇದ್ದದ್ದು ಕುಡಿಸೋದು ಹೇಗೆ ಅನ್ನೋದು. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಯಾಕಂದ್ರೆ ಇದರ ಫಲ ಏನು ಅಂತ ನನ್ನ ಅಕ್ಕನ ವಿಷಯದಲ್ಲಿ ಕಣ್ಣಾರೆ ನೋಡಿದ್ದೇನೆ.

ಅಕ್ಕನಿಗೆ ಹಾಸನದಲ್ಲಿ ಹೆರಿಗೆಯಾಯ್ತು. ಮಗು 2.9 ಕೆಜಿ. ಮೂರನೇ ದಿನಕ್ಕೆ ಎರಡೂ ಮೊಲೆತೊಟ್ಟು ಬಿರಿದು ರಕ್ತ. ಮಗು ಬಾಯಿ ಹಾಕಿದರೆ ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು. ಮಗುವೂ ಅಳೋದು. ತೂಕ ನೋಡಿದರೆ 2.7. "ಹಾಲು ಸಾಲ್ತಾ ಇಲ್ಲ ಕಣೇ, ಡಬ್ಬಿ ಹಾಲು ತರಿಸೋಣ" ಅಂದರು ಅವಳ ಅತ್ತೆ. ಅಮ್ಮನೂ ಹೂಂ ಅಂದರು. ಡಬ್ಬಿ ತರೋಕೆ ಹೊರಟವನು ನಾನೇ!

ಅಷ್ಟರಲ್ಲಿ ಡ್ಯೂಟಿಗೆ ಬಂದ ವಯಸ್ಸಾದ ಸಿಸ್ಟರ್ ಒಬ್ಬರು, "ಮೊದಲು ಹೆಂಗೆ ಕುಡಿಸ್ತೀಯ ತೋರಿಸಮ್ಮ" ಅಂದರು. ನಾನು ಹೊರಗೆ ನಡೆದೆ. ಒಳಗೆ ಏನಾಯ್ತು ಅಂತ ಆಮೇಲೆ ಅಕ್ಕನೇ ಹೇಳಿದ್ದು.

ಮಗು ಅವಳ ತೊಡೆ ಮೇಲೆ ಅಂಗಾತ ಮಲಗಿತ್ತು. ಕತ್ತು ಮಾತ್ರ ಎದೆ ಕಡೆ ತಿರುಗಿಸಿಕೊಂಡಿತ್ತು. ಅಕ್ಕ ಬಗ್ಗಿ, ಬೀಡಿ ಹಿಡಿದ ಹಾಗೆ ಎರಡು ಬೆರಳ ನಡುವೆ ತೊಟ್ಟು ಹಿಡಿದು ಮಗುವಿನ ಬಾಯಿಗೆ ಇಡುತ್ತಿದ್ದಳು. ಮಗುವಿನ ಮೂಗು ಮುಚ್ಚಬಾರದು ಅಂತ ಯಾರೋ ಹಾಗೆ ಹೇಳಿಕೊಟ್ಟಿದ್ದರು.

ಈಗ ನೀವೇ ಒಂದು ಪ್ರಯೋಗ ಮಾಡಿ. ತಲೆಯನ್ನ ಪೂರ್ತಿ ಭುಜದ ಕಡೆ ತಿರುಗಿಸಿ ಒಂದು ಗುಟುಕು ನೀರು ನುಂಗಿ ನೋಡಿ. ಕಷ್ಟ ಅಲ್ವಾ? ಮೂರು ದಿನದ ಮಗು ಅದನ್ನೇ ಮಾಡಬೇಕಿತ್ತು.

ಸಿಸ್ಟರ್ ಅಕ್ಕನ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದರಂತೆ. ಮಗುವನ್ನ ಇಡಿಯಾಗಿ ಅವಳ ಕಡೆ ಹೊರಳಿಸಿದರು, ಹೊಟ್ಟೆಗೆ ಹೊಟ್ಟೆ ತಾಗುವಂತೆ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿ. ಕೈ ಇದ್ದದ್ದು ಮಗುವಿನ ಭುಜ ಮತ್ತು ಕತ್ತಿನ ಹಿಂದೆ. ತಲೆ ಹಿಡಿದು ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದಂತೆ. ಮಗುವಿನ ಮೂಗು ತೊಟ್ಟಿನ ಎದುರಿಗೆ ಬರುವ ಹಾಗೆ ಇಟ್ಟು, ಮೇಲ್ದುಟಿಗೆ ತೊಟ್ಟು ಸವರಿ, ಸುಮ್ಮನೆ ಕಾದರು. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದ ತಕ್ಷಣ ಮಗುವನ್ನ ಎದೆಗೆ ತಂದರು. ಎದೆಯನ್ನ ಮಗುವಿನ ಹತ್ತಿರ ತಂದಿದ್ದಲ್ಲ, ಮಗುವನ್ನ ಎದೆಯ ಹತ್ತಿರ. ಮೊದಲು ತಾಗಿದ್ದು ಗದ್ದ. ಗದ್ದ ಒತ್ತಿಕೊಂಡರೆ ಮೂಗು ತಾನಾಗಿಯೇ ಬಿಡುವಾಗಿರುತ್ತದೆ, ಬೆರಳಿನ ಕತ್ತರಿ ಬೇಕಾಗೋದೇ ಇಲ್ಲ.

ಸರಿಯಾಗಿ ಹಿಡಿದಿದೆ ಅಂತ ಗೊತ್ತಾಗೋದು ನಾಲ್ಕು ಗುರುತಿನಿಂದ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಆಮೇಲೆ ನಿಧಾನವಾದ, ಆಳವಾದ ಚೀಪುವಿಕೆ, ನಡುನಡುವೆ ನುಂಗೋ ಸದ್ದು. ಕೆನ್ನೆ ಒಳಗೆ ಗುಳಿ ಬಿದ್ದರೆ, ಅಥವಾ ಬಾಯಿ ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಬಂದರೆ ಹಿಡಿತ ತಪ್ಪಿದೆ ಅಂತ ಅರ್ಥ. ಆಗ ಎಳೆಯಬಾರದು. ಬಾಯಿಯ ಮೂಲೆಯಲ್ಲಿ ಕಿರುಬೆರಳು ಹಾಕಿ ಬಿಡಿಸಿ, ಮತ್ತೆ ಶುರು ಮಾಡಬೇಕು.

ಮಗು ತೊಟ್ಟನ್ನ ಮಾತ್ರ ಕಚ್ಚಿಕೊಂಡರೆ ಅದು ಗಟ್ಟಿ ಅಂಗಳಕ್ಕೆ ಉಜ್ಜಿ ಬಿರಿಯುತ್ತದೆ, ಹಾಲೂ ಸರಿಯಾಗಿ ಬರೋದಿಲ್ಲ. ಹಾಲು ಖಾಲಿಯಾದಷ್ಟೂ ದೇಹ ಮತ್ತೆ ತಯಾರಿಸುತ್ತದೆ, ಖಾಲಿಯಾಗದಿದ್ದರೆ ಕಡಿಮೆ ಮಾಡುತ್ತದೆ. ಅಂಥ ಹೊತ್ತಲ್ಲಿ ಡಬ್ಬಿ ಹಾಲು ಕೊಟ್ಟರೆ ಮಗು ಚೀಪೋದು ಇನ್ನೂ ಕಡಿಮೆ. "ಹಾಲು ಸಾಲ್ತಾ ಇಲ್ಲ" ಅನ್ನೋ ಸುಳ್ಳು ಒಂದೇ ವಾರದಲ್ಲಿ ನಿಜವಾಗಿಬಿಡುತ್ತದೆ! ಅಂದ ಹಾಗೆ 2.9 ರಿಂದ 2.7ಕ್ಕೆ ಇಳಿದದ್ದು ನೂರಕ್ಕೆ 7ರಷ್ಟು. ಮೊದಲ ದಿನಗಳಲ್ಲಿ ಅಷ್ಟು ಇಳಿಯೋದು ಮಾಮೂಲು. ನೂರಕ್ಕೆ 10ರ ಹತ್ತಿರ ಹೋದರೆ ಡಾಕ್ಟರು ನೋಡಲೇಬೇಕು. ಅಕ್ಕನ ಮಗು ಹನ್ನೆರಡನೇ ದಿನಕ್ಕೆ 3 ಕೆಜಿ ಆಯ್ತು. ಡಬ್ಬಿ ಒಡೆಯಲೇ ಇಲ್ಲ.

ಹಾಗಾಗಿ ಆ ಒಂದು ಗಂಟೆಯನ್ನ ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಒಂದು ಸಲಕ್ಕೆ ಎಂಟು ಗರ್ಭಿಣಿಯರು ಸಾಕು. ಪ್ರತಿಯೊಬ್ಬರ ಜೊತೆಗೂ ಬಾಣಂತನ ಮಾಡುವವರು ಬರಲೇಬೇಕು, ಅಮ್ಮನೋ ಅತ್ತೆಯೋ. ಮೊದಲ 10 ನಿಮಿಷ ಅವರು ಮಾತಾಡಲಿ, ಏನೇನು ಕೇಳಿದ್ದೀರಿ ಅಂತ. ಮುಂದಿನ 25 ನಿಮಿಷ ಪ್ರತಿಯೊಬ್ಬರ ಕೈಗೂ ಒಂದು ಗೊಂಬೆ. ಗೊಂಬೆ ಸಿಗದಿದ್ದರೆ ಸುತ್ತಿದ ಟವೆಲ್ಲಾದರೂ ಆದೀತು. ಕೂತು, ಮಲಗಿ, ಆಪರೇಷನ್ ಆದವರಿಗೆ ಗಾಯಕ್ಕೆ ತಾಗದಂತೆ ಕಂಕುಳಡಿ ಹಿಡಿದು, ಎಲ್ಲ ರೀತಿಯಲ್ಲೂ ಮಾಡಿ ನೋಡಬೇಕು. ನಮ್ಮ ಆಫೀಸಿನಲ್ಲೂ ಹಾಗೇ ತಾನೇ? ಸ್ಲೈಡ್ ನೋಡಿ ಕೋಡ್ ಬರೆಯೋದು ಕಲಿತವರನ್ನ ನಾನಿನ್ನೂ ನೋಡಿಲ್ಲ.

ಮುಂದಿನ 15 ನಿಮಿಷ ತಪ್ಪು ನಂಬಿಕೆಗಳಿಗೆ. ಇಲ್ಲಿ ಬೈಯ್ಯಬಾರದು, ಅಜ್ಜಿಯಂದಿರು ಎದ್ದು ಹೋಗುತ್ತಾರೆ. ಮೊದಲ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು ಅನ್ನುವವರಿಗೆ ಒಂದೇ ಪ್ರಶ್ನೆ: ಹಸು ಕರು ಹಾಕಿದಾಗ ಗಿಣ್ಣು ಹಾಲು ಚೆಲ್ಲುತ್ತೀರಾ? ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಮನೆಮಂದಿಗೆಲ್ಲ ಹಂಚುತ್ತೇವೆ. ಮಗುವಿನ ಪಾಲಿನ ಗಿಣ್ಣು ಮಾತ್ರ ಬೇಡವಾ? ಅದು ಸ್ವಲ್ಪವೇ ಬರುತ್ತದೆ ನಿಜ, ಆದರೆ ಮೊದಲ ದಿನ ಮಗುವಿಗೆ ಬೇಕಾಗೋದೂ ಸಲಕ್ಕೆ ಒಂದು ಚಮಚದಷ್ಟೇ. ಜೇನುತುಪ್ಪ ನೆಕ್ಕಿಸುವವರಿಗೆ ಇದನ್ನ ಹೇಳಬೇಕು: ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ವರ್ಷದೊಳಗಿನ ಮಗುವಿನ ಕರುಳಲ್ಲಿ ಬೆಳೆದು ನರಗಳಿಗೇ ತೊಂದರೆ ಮಾಡುತ್ತದೆ. ಇನ್ನು ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ ಅನ್ನೋದು. ಹಾಲು ಕುಡಿಸುವವಳಿಗೆ ಬಾಯಾರಿಕೆ ಹೆಚ್ಚೇ ಆಗುತ್ತದೆ, ಬಾಯಾರಿದಷ್ಟು ಕುಡಿಯಲಿ. ಬಿಸಿನೀರೇ ಆಗಬೇಕು ಅಂತ ಅಜ್ಜಿ ಹಟ ಹಿಡಿದರೆ ಬಿಸಿನೀರೇ ಕೊಡಲಿ, ನಷ್ಟವೇನಿಲ್ಲ.

ಕೊನೆಯ 10 ನಿಮಿಷ ಮನೆಗೆ ಹೋದ ಮೇಲಿನ ಲೆಕ್ಕಕ್ಕೆ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ಐದನೇ ದಿನದ ಹೊತ್ತಿಗೆ 24 ಗಂಟೆಯಲ್ಲಿ ಕನಿಷ್ಠ 6 ಸಲ ಉಚ್ಚೆ, ಕಪ್ಪು ಮಲ ಹೋಗಿ ಹಳದಿ. ಹಾಲು ಸಾಲುತ್ತಿದೆಯಾ ಅನ್ನೋದಕ್ಕೆ ಅಳುವಿಗಿಂತ ಇದು ನಂಬಿಕಸ್ಥ ಸಾಕ್ಷಿ. ಇದು ಕಡಿಮೆಯಾದರೆ, ಅಥವಾ ಮಗು ಎಬ್ಬಿಸಿದರೂ ಕುಡಿಯದೆ ಮಲಗಿದರೆ ಅವತ್ತೇ ಆಸ್ಪತ್ರೆಗೆ.

ಇಷ್ಟು ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳ್ತಾ ಇಲ್ಲ. ಗೊಂಬೆ ಬಾಯಿ ತೆರೆಯೋದಿಲ್ಲ, ಅಳೋದೂ ಇಲ್ಲ. ಮೊದಲ ಸಲ ಕುಡಿಸುವಾಗ, ಅಂದರೆ ಹುಟ್ಟಿದ ಒಂದು ಗಂಟೆಯೊಳಗೆ, ಗೊತ್ತಿರುವವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಎಲ್ಲ ಸರಿ ಮಾಡಿದರೂ ನಿಜಕ್ಕೂ ಹಾಲು ಸಾಲದ ಕೆಲವು ತಾಯಂದಿರೂ ಇದ್ದಾರೆ. ಅವರಿಗೆ ಡಬ್ಬಿ ಹಾಲು ಅಪರಾಧ ಅನ್ನಿಸುವಂತೆ ಕ್ಲಾಸಿನಲ್ಲಿ ಮಾತಾಡಬಾರದು. ಅಕ್ಕ ಇವತ್ತಿಗೂ "ಆ ಮೂರು ದಿನ ಮಗೂನ ಉಪವಾಸ ಕೆಡವಿದೆ ಕಣೋ" ಅಂತಾಳೆ. ತಪ್ಪು ಅವಳದ್ದಲ್ಲ, ತೋರಿಸಿಕೊಡದೇ ಇದ್ದವರದ್ದು.

ಅಂದ ಹಾಗೆ ಭಾನುವಾರ ನಮ್ಮ ಅತ್ತೆ ಊರಿಂದ ಬಂದಿದ್ದರು. ಅವರನ್ನೂ ಹೆಂಡತಿಯನ್ನೂ ಕೂರಿಸಿಕೊಂಡು, ಪಕ್ಕದ ಮನೆ ಪುಟ್ಟಿಯ ಗೊಂಬೆ ಸಾಲ ತಂದು ಒಂದು ಗಂಟೆ ಕ್ಲಾಸು ಮಾಡಿದೆ. "ನಾನು ಮೂರು ಹೆತ್ತಿದ್ದೀನಿ, ನೀವು ನನಗೆ ಹೇಳಿಕೊಡ್ತೀರಾ?" ಅಂತ ನಕ್ಕರು. ಆದರೆ ಕತ್ತು ತಿರುಗಿಸಿ ನೀರು ನುಂಗಿದ ಮೇಲೆ ಗೊಂಬೆ ಕೇಳಿ ಇಸ್ಕೊಂಡರು :)

ನಿಮ್ಮ ಮನೆಗಳಲ್ಲಿ ಇದನ್ನ ಯಾರು ಕಲಿಸಿದರು? ಬರೆಯಿರಿ.